ಹಿಂದಿನ ಪದದ ಸ್ವರವೇ ಮುಂದಿನದಕ್ಕೂ: ಅರಬ್ಬಿ ಓದಿನಲ್ಲಿ ನನ್ನ ಅನುಭವ

ಅರಬ್ಬಿ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸ್ವರಚಿಹ್ನೆ ಇರುವುದಿಲ್ಲ. ಹಾಗಾಗಿ ನಾನು ಓದುವಾಗ ಪ್ರತಿ ಪದದ ಕೊನೆಗೂ ಪೆನ್ಸಿಲ್‌ನಲ್ಲಿ ಸ್ವರ ಹಾಕಿಕೊಳ್ಳುತ್ತೇನೆ. ಕೊನೆಯ ಸ್ವರವೇ ಅಲ್ವಾ ವಿಭಕ್ತಿ ಹೇಳುವುದು? ಕರ್ತೃವಿಗೆ ಉ, ಕರ್ಮಕ್ಕೆ ಅ, 'ಮೇಲೆ' ಎಂಬ ಅರ್ಥದ 'ಅಲಾ'ದಂಥ ಪದದ ನಂತರ ಇ.

ಕನ್ನಡದಲ್ಲಿ 'ನಿನ್ನ ಗೆಳೆಯ ಖಾಲಿದನನ್ನು' ಅಂದಾಗ ಪ್ರತ್ಯಯ ಕೊನೆಗೆ ಒಂದೇ ಸಲ ಬರುತ್ತದೆ. ಅರಬ್ಬಿಯಲ್ಲಿ ಗೆಳೆಯನಿಗೂ ಬೇಕು, ಖಾಲಿದನಿಗೂ ಬೇಕು.

'ಕುಲ್ಲ್' ಅಂದರೆ ಎಲ್ಲ. ಅದು ಕಂಡ ಕೂಡಲೇ ನಾನು ಅದರ ಬಾಲ ನೋಡುತ್ತೇನೆ. ನಾಮಪದ ಮೊದಲೇ ಬಂದು, ಕುಲ್ಲ್‌ಗೆ 'ಹುಮ್' (ಅವರು) ಅಂಟಿಕೊಂಡಿದ್ದರೆ ಅದು ತವ್‌ಕೀದ್, ಒತ್ತು ಕೊಡುವ ಪದ. ಆಗ ಯೋಚಿಸುವುದೇ ಬೇಡ, ಹಿಂದಿನ ಸ್ವರವನ್ನೇ ಹಾಕಿದರಾಯಿತು. ವಿದ್ಯಾರ್ಥಿಗಳೆಲ್ಲ ಬಂದರೆ 'ಅತ್ತುಲ್ಲಾಬು ಕುಲ್ಲುಹುಮ್'. ಅವರನ್ನೆಲ್ಲ ನೋಡಿದರೆ 'ಅತ್ತುಲ್ಲಾಬ ಕುಲ್ಲಹುಮ್'. ಅವರಿಗೆಲ್ಲ ಸಲಾಂ ಹೇಳಿದರೆ 'ಅಲತ್ತುಲ್ಲಾಬಿ ಕುಲ್ಲಿಹಿಮ್'. ಕೊನೆಯದರಲ್ಲಿ ಇಕಾರದ ಪಕ್ಕ ಬಂದದ್ದಕ್ಕೆ 'ಹುಮ್' ಕೂಡ 'ಹಿಮ್' ಆಗಿದೆ.

ಕುಲ್ಲ್ ಮೊದಲು ಬಂದರೆ ಲೆಕ್ಕವೇ ಬೇರೆ. 'ಕುಲ್ಲುತ್ತುಲ್ಲಾಬಿ' ಅನ್ನುವಲ್ಲಿ ವಿಭಕ್ತಿ ಬದಲಾಗುವುದು ಕುಲ್ಲ್‌ಗೆ ಮಾತ್ರ, ನಾಮಪದಕ್ಕೆ ಯಾವಾಗಲೂ ಇ.

ಕುರ್‌ಆನಿನ 15:30ರಲ್ಲಿ ದೇವದೂತರೆಲ್ಲ ಸಾಷ್ಟಾಂಗ ಮಾಡಿದ್ದನ್ನು 'ಅಲ್‌ಮಲಾಇಕತು ಕುಲ್ಲುಹುಮ್ ಅಜ್‌ಮಊನ್' ಎಂದು ಹೇಳಿದೆ. ಒಂದೇ ನಾಮಪದದ ನಂತರ ಎರಡು ಒತ್ತುಪದಗಳು. ನನಗೆ ಇದು ತುಂಬ ಇಷ್ಟ, ಯಾಕೆಂದರೆ 'ಅಜ್‌ಮಊನ್' ತನ್ನ ವಿಭಕ್ತಿಯನ್ನು ಅಕ್ಷರದಲ್ಲೇ ತೋರಿಸುತ್ತದೆ. ಉಳಿದ ವಿಭಕ್ತಿಗಳಲ್ಲಿ ಅದು 'ಅಜ್‌ಮಈನ್'. ಚಿಹ್ನೆ ಇಲ್ಲದ ಪುಟದಲ್ಲೂ ಅದರಲ್ಲಿ ಊ ಸೂಚಿಸುವ ವಾವ್ ಅಕ್ಷರ ಕಂಡರೆ ಸಾಕು, ಹಿಂದಿರುವ ಎರಡಕ್ಕೂ ಧೈರ್ಯವಾಗಿ ಉ ಹಾಕುತ್ತೇನೆ.

'ಗೆಳೆಯ ಖಾಲಿದ್' ಥರದ್ದರಲ್ಲಿ ಎರಡನೆಯ ಪದ ಬದಲ್, ಅಂದರೆ ಮೊದಲ ಪದದ ಬದಲಿಗೆ ನಿಲ್ಲಬಲ್ಲ ಪದ. ಇಲ್ಲಿ ಮೊದಲ ಪದವನ್ನು ಬೆರಳಿನಿಂದ ಮುಚ್ಚಿ ಓದುತ್ತೇನೆ. 'ಸಲ್ಲಮ್ತು ಅಲಾ ಸದೀಕಿಕ ಖಾಲಿದಿನ್' ಅಂದರೆ ನಿನ್ನ ಗೆಳೆಯ ಖಾಲಿದನಿಗೆ ಸಲಾಂ ಹೇಳಿದೆ. ಗೆಳೆಯನನ್ನು ಮುಚ್ಚಿದರೂ 'ಅಲಾ ಖಾಲಿದಿನ್' ನಿಲ್ಲುತ್ತದೆ, ಹಾಗಾಗಿ ಇಕಾರವೇ ಸರಿ. ತೊಡಕಾಗುವುದು ಅಹ್ಮದ್‌ನಂಥ ಹೆಸರಿನಲ್ಲಿ. 'ಅಲಾ ಸದೀಕಿಕ ಅಹ್ಮದ' ಅನ್ನುವುದೇ ಸರಿ. ಕೊನೆಗೆ ಅ ಇದ್ದರೂ ಇದು ಕರ್ಮವಲ್ಲ. ಈ ಬಗೆಯ ಹೆಸರುಗಳು ಇಕಾರದ ಜಾಗದಲ್ಲೂ ಅಕಾರವನ್ನೇ ತೊಡುತ್ತವೆ. ಅನುಮಾನ ಬಂದರೆ ಆ ಜಾಗಕ್ಕೆ ಖಾಲಿದ್‌ನನ್ನು ತಂದು ನೋಡುತ್ತೇನೆ. 'ಖಾಲಿದಿನ್' ಬಂತೆಂದರೆ ಎರಡೂ ಹೆಸರಿನ ವಿಭಕ್ತಿ ಒಂದೇ.

ಬದಲ್ ನಕಲು ಮಾಡಲೇಬೇಕಾದದ್ದು ವಿಭಕ್ತಿಯನ್ನು, 'ಅಲ್' ಅನ್ನು ಅಲ್ಲ. 2:217ರಲ್ಲಿ 'ಅನಿಶ್ಶಹ್‌ರಿಲ್ ಹರಾಮಿ ಕಿತಾಲಿನ್ ಫೀಹಿ' ಎಂದಿದೆ: ಪವಿತ್ರ ತಿಂಗಳ ಬಗ್ಗೆ, ಅದರಲ್ಲಿ ಯುದ್ಧ ಮಾಡುವುದರ ಬಗ್ಗೆ. ತಿಂಗಳಿಗೆ 'ಅಲ್' ಇದೆ, 'ಕಿತಾಲ್'ಗೆ ಇಲ್ಲ. ಆದರೆ ಎರಡಕ್ಕೂ ಇಕಾರ ಇದೆ. ಗುಣವಾಚಕವಾಗಿದ್ದರೆ 'ಅಲ್' ಕೂಡ ಹೊಂದಲೇಬೇಕಿತ್ತು, 'ಹರಾಮ್'ಗೆ ಹೊಂದಿರುವ ಹಾಗೆ.