ಕೋಳಿ ತೊಳೆಯುವ ಮೊದಲೇ ಕೋಸಂಬರಿ: ಭಾನುವಾರದ ಅಡುಗೆಮನೆಯಲ್ಲಿ ನಾನು ಪಾಲಿಸುವ ಕ್ರಮ

ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನದ ಊಟವೆಂದರೆ ಕೋಳಿ ಸಾರು, ಮುದ್ದೆ, ಅನ್ನ, ಜೊತೆಗೆ ಹೆಚ್ಚಿದ ಈರುಳ್ಳಿ, ಸೌತೆಕಾಯಿ, ನಿಂಬೆಹೋಳು, ಮತ್ತು ಮಾಂಸ ತಿನ್ನದ ಮಾವನವರಿಗೆ ಹೆಸರುಬೇಳೆ ಕೋಸಂಬರಿ. ಇವೆಲ್ಲವೂ ಒಂದೇ ಕಟ್ಟೆಯ ಮೇಲೆ, ಒಂದೇ ಸಿಂಕಿನ ಪಕ್ಕದಲ್ಲಿ ಸಿದ್ಧವಾಗಬೇಕು. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಇರುವುದು ಸಾಮಾನ್ಯ. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಅವು ಸಾಯುತ್ತವೆ; ಕುಕ್ಕರಿನಲ್ಲಿ ಕೂಗಿಸಿದ ಸಾರು ಆ ಮಟ್ಟವನ್ನು ದಾಟಿಯೇ ಇರುತ್ತದೆ. ಹಾಗಾಗಿ ನನ್ನ ಚಿಂತೆ ಸಾರಿನದ್ದಲ್ಲ, ಒಲೆಯನ್ನೇ ಕಾಣದ ಕೋಸಂಬರಿ ಮತ್ತು ಸೌತೆಕಾಯಿಯದ್ದು. ಕ್ಯಾಂಪಿಲೋಬ್ಯಾಕ್ಟರ್‌ನಿಂದ ಬರುವ ಹೊಟ್ಟೆನೋವು, ಭೇದಿ ಸಾಮಾನ್ಯವಾಗಿ ಎರಡರಿಂದ ಐದು ದಿನಗಳ ನಂತರ ಕಾಣಿಸಿಕೊಳ್ಳುತ್ತವೆ; ಆದ್ದರಿಂದ ಬುಧವಾರ ಕೆಟ್ಟ ಹೊಟ್ಟೆಗೆ ಮಂಗಳವಾರದ ಹೋಟೆಲ್ ತಿಂಡಿ ಹೊಣೆಯಾಗುತ್ತದೆಯೇ ಹೊರತು ಭಾನುವಾರದ ಸೌತೆಕಾಯಿಯ ನೆನಪು ಯಾರಿಗೂ ಬರುವುದಿಲ್ಲ.

ಮಾಂಸಕ್ಕೊಂದು ಮಣೆ, ತರಕಾರಿಗೊಂದು ಮಣೆ ಇಟ್ಟುಕೊಂಡರೆ ಸಾಕೆಂದು ಹಲವರು ಹೇಳುತ್ತಾರೆ. ಅದು ಬೇಕು, ನಿಜ. ಆದರೆ ಕೋಳಿಯನ್ನು ಅಂಗಡಿಯವರೇ ತುಂಡು ಮಾಡಿ ಕೊಡುವ ನಮ್ಮಂಥ ಮನೆಗಳಲ್ಲಿ ಮಣೆಗಿಂತ ಹೆಚ್ಚಾಗಿ ಸೋಂಕನ್ನು ಸಾಗಿಸುವುದು ನೀರು ಮತ್ತು ಕೈ. ನೀರಿನ ವಿಷಯವನ್ನು ಕಣ್ಣಾರೆ ನೋಡಬೇಕೆಂದು ಒಮ್ಮೆ ಸಿಂಕಿನ ಎರಡೂ ಬದಿಗೆ ಬಿಳಿ ಕಾಗದ ಹಾಸಿ, ಕೋಳಿಗೆ ಧಾರಾಳವಾಗಿ ಅರಿಸಿನ ಸವರಿ, ಎಂದಿನಂತೆ ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಕಾಗದದ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಹಳದಿ ಚುಕ್ಕಿಗಳು ಎದ್ದಿದ್ದವು. ಕೆಲವು ಚುಕ್ಕಿಗಳು ಕಾಗದವನ್ನೂ ದಾಟಿ ತಟ್ಟೆ ಒಣಗಿಸುವ ಬುಟ್ಟಿಯ ಸ್ಟೀಲಿನ ಮೇಲೆ, ನಲ್ಲಿಯ ಹಿಡಿಯ ಮೇಲೆ, ಕೊತ್ತಂಬರಿ ಸೊಪ್ಪನ್ನು ಯಾವಾಗಲೂ ನಾನು ಸೋರಲು ಇಡುವ ಜಾಗದಲ್ಲಿ ಬಿದ್ದಿದ್ದವು. ಅರಿಸಿನವಿಲ್ಲದಿದ್ದರೆ ಇವೆಲ್ಲ ಬರೀ ನೀರಿನ ಹನಿಗಳಾಗಿ ಕಂಡು, ಕ್ಷಣದಲ್ಲಿ ಮರೆತುಹೋಗುತ್ತಿದ್ದವು. ಈ ಪರೀಕ್ಷೆಯನ್ನು ಯಾರಾದರೂ ತಮ್ಮ ಮನೆಯಲ್ಲಿ ಮಾಡಿ ನೋಡಬಹುದು, ಖರ್ಚಿಲ್ಲ.

ಹಸಿ ಕೋಳಿಯನ್ನು ತೊಳೆಯಲೇಬಾರದು ಎಂಬುದು ಅಮೆರಿಕ, ಬ್ರಿಟನ್ನಿನ ಆಹಾರ ಸುರಕ್ಷತಾ ಇಲಾಖೆಗಳ ಸಲಹೆ. ಆದರೆ ನಮ್ಮ ಅಂಗಡಿಯ ಕೋಳಿಯಲ್ಲಿ ರಕ್ತ, ಮೂಳೆಯ ಚೂರು, ಕೆಲವೊಮ್ಮೆ ಪುಕ್ಕದ ಬುಡಗಳೂ ಇರುತ್ತವೆ. “ಮೂರು ನೀರು ಕಾಣಿಸದ ಕೋಳಿಯನ್ನು ಒಲೆಗೆ ಹಾಕುವುದು ಹೇಗಮ್ಮ?” ಎಂದು ಅತ್ತೆ ಕೇಳಿದಾಗ, ಆ ಮಾತನ್ನು ತಳ್ಳಿಹಾಕುವುದು ಸರಿಯೆನಿಸಲಿಲ್ಲ. ಆದ್ದರಿಂದ ತೊಳೆಯುವ ವಿಧಾನವನ್ನಷ್ಟೇ ಬದಲಿಸಿದೆವು. ಆಳವಾದ ಪಾತ್ರೆಯನ್ನು ಸಿಂಕಿನ ತಳದಲ್ಲಿಟ್ಟು, ಮೊದಲು ಅದಕ್ಕೆ ನೀರು ತುಂಬಿಸಿ ನಲ್ಲಿ ನಿಲ್ಲಿಸುತ್ತೇನೆ. ಆಮೇಲೆ ತುಂಡುಗಳನ್ನು ಮೆಲ್ಲನೆ ಇಳಿಬಿಟ್ಟು, ಕೈಯನ್ನು ನೀರಿನೊಳಗೇ ಆಡಿಸುತ್ತೇನೆ. ಚೆಲ್ಲುವಾಗ ಪಾತ್ರೆಯ ಅಂಚನ್ನು ಸಿಂಕಿನ ತೂತಿನ ಹತ್ತಿರಕ್ಕೆ ತಂದು ಬಗ್ಗಿಸುತ್ತೇನೆ. ಮುಂದಿನ ನೀರನ್ನು ಪಕ್ಕದಲ್ಲಿ ತುಂಬಿಟ್ಟ ಚೊಂಬಿನಿಂದ, ಪಾತ್ರೆಯ ಗೋಡೆಗುಂಟ ಸುರಿಯುತ್ತೇನೆ. ಉಪ್ಪು, ಅರಿಸಿನ ಹಾಕಿದರೆ ವಾಸನೆ ತಗ್ಗುತ್ತದೆ. ಆದರೆ ಅದರಿಂದ ಮಾಂಸ ಸೋಂಕುಮುಕ್ತವಾಯಿತು ಎಂದು ತಿಳಿಯಬಾರದು.

ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಕೆಲಸದ ಸರದಿಯನ್ನು ಬದಲಿಸಿದ್ದು. ಮೊದಲೆಲ್ಲ ಕೋಳಿ ಬಂದ ಕೂಡಲೇ ಅದನ್ನು ತೊಳೆದು ಬೇಯಲು ಇಟ್ಟು, ಆ ಬಿಡುವಿನಲ್ಲಿ ತರಕಾರಿ ಹೆಚ್ಚುವುದು ರೂಢಿ. ಸಮಯ ಉಳಿಯುವುದೂ ನಿಜ, ಆದರೆ ಹಸಿ ಮಾಂಸ ಓಡಾಡಿದ ಕಟ್ಟೆಯ ಮೇಲೆಯೇ ಹಸಿಯಾಗಿ ತಿನ್ನುವ ತರಕಾರಿಗೆ ಹೋಗಬೇಕಾಗುತ್ತದೆ. ಈಗ ಕೋಳಿ ಮುಚ್ಚಳವಿರುವ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಕಾಯುತ್ತದೆ. ಮೇಲೆ ಇಟ್ಟರೆ ರಕ್ತದ ನೀರು ಕೆಳಗಿನ ಸೊಪ್ಪಿಗೆ ಸೋರುವ ಸಾಧ್ಯತೆ ಇರುತ್ತದೆ. ಅಷ್ಟರಲ್ಲಿ ಕೊತ್ತಂಬರಿ, ಪುದೀನ, ಸೌತೆಕಾಯಿಗಳನ್ನು ತೊಳೆದು, ಕೋಸಂಬರಿಗೆ ಬೇಕಾದದ್ದನ್ನು ಹೆಚ್ಚಿ, ಕಾಯಿ ತುರಿದು, ಈರುಳ್ಳಿ, ನಿಂಬೆಹೋಳುಗಳನ್ನು ತಟ್ಟೆಯಲ್ಲಿ ಮುಚ್ಚಿ ಕಟ್ಟೆಯಿಂದ ಊಟದ ಮೇಜಿಗೆ ಸಾಗಿಸುತ್ತೇನೆ. ಕೊತ್ತಂಬರಿಯನ್ನು ಎರಡು ಪಾಲು ಮಾಡುತ್ತೇನೆ: ಮಸಾಲೆಗೆ ಅರೆಯುವುದು ಒಂದು, ಕೊನೆಯಲ್ಲಿ ಮೇಲೆ ಉದುರಿಸುವುದು ಇನ್ನೊಂದು. ಎರಡನೆಯದು ಮೇಜಿನಿಂದ ಮರಳುವುದು ಸಾರು ಇಳಿಸಿದ ಮೇಲೆಯೇ. ಮಸಾಲೆ ಅರೆದು ಮಿಕ್ಸಿ ಜಾರನ್ನು ತೊಳೆದಿಟ್ಟ ನಂತರವಷ್ಟೇ ಕೋಳಿಯ ಡಬ್ಬಿ ಹೊರಬರುತ್ತದೆ.

ಕೈಯದ್ದು ಇದಕ್ಕಿಂತ ಸೂಕ್ಷ್ಮ ವಿಷಯ. ಕೋಳಿಗೆ ಖಾರ, ಉಪ್ಪು ಕಲಸುವಾಗ ಇನ್ನೊಂದು ಚಿಟಿಕೆ ಬೇಕೆನಿಸಿದರೆ ಅದೇ ಬೆರಳು ಉಪ್ಪಿನ ಭರಣಿಗೆ ಹೋಗುತ್ತದೆ, ಅದೇ ಭರಣಿಯ ಉಪ್ಪು ಆಮೇಲೆ ಕೋಸಂಬರಿಗೆ ಬೀಳುತ್ತದೆ. ಮಸಾಲೆ ಡಬ್ಬಿಯ ಚಮಚದ ಹಿಡಿ, ಎಣ್ಣೆ ಬಾಟಲಿಯ ಕತ್ತು, ಒಲೆಯ ತಿರುಗಣೆ, ಫ್ರಿಜ್ಜಿನ ಬಾಗಿಲು, ಕೊನೆಗೆ ಮೊಬೈಲ್ ಕೂಡ ಇದೇ ಸಾಲಿನಲ್ಲಿ ಬರುತ್ತವೆ. ಇದಕ್ಕಾಗಿ ಉಪ್ಪು, ಖಾರದ ಪುಡಿ, ಅರಿಸಿನವನ್ನು ಸ್ವಲ್ಪ ಹೆಚ್ಚೇ ಎನ್ನುವಷ್ಟು ಒಂದು ಬಟ್ಟಲಿಗೆ ಮೊದಲೇ ತೆಗೆದಿಡುತ್ತೇನೆ, ಮಿಕ್ಕಿದ್ದನ್ನು ಡಬ್ಬಿಗೆ ಹಿಂತಿರುಗಿಸುವುದಿಲ್ಲ, ಸಾರಿಗೇ ಹಾಕಿಬಿಡುತ್ತೇನೆ ಅಥವಾ ಚೆಲ್ಲುತ್ತೇನೆ. ಬಲಗೈ ಮಾಂಸಕ್ಕೆ, ಎಡಗೈ ಉಳಿದೆಲ್ಲಕ್ಕೆ. ನಲ್ಲಿಯನ್ನು ಮೊಣಕೈಯಿಂದ ತಳ್ಳಿ ತೆರೆದು, ಸೋಪಿನಲ್ಲಿ ಇಪ್ಪತ್ತು ಸೆಕೆಂಡು ಉಜ್ಜುತ್ತೇನೆ. ಕೈಗವಸು ಹಾಕಿಕೊಂಡು ನೋಡಿದ್ದೇನೆ, ಆದರೆ ಮೆಚ್ಚಲಾರೆ. ಕೈ ಜಿಡ್ಡಾಗಿದೆ ಎಂಬ ಅರಿವೇ ಹೋಗಿ, ಅದೇ ಗವಸಿನಲ್ಲಿ ಎಲ್ಲವನ್ನೂ ಮುಟ್ಟುವಂತಾಗುತ್ತದೆ.

ಶುಚಿ ಮಾಡುವಾಗ ಮೊದಲು ಸೋಪು, ಆಮೇಲೆ ಬಿಸಿನೀರು. ಕೊಬ್ಬಿನ ಪದರ ಹೋಗದೆ ಮೇಲೆ ಏನು ಸುರಿದರೂ ಅದು ಮೇಲ್ಮೈಯನ್ನು ತಲುಪುವುದಿಲ್ಲ. ಸಿಂಕು, ಅದರ ಜಾಲರಿ, ನಲ್ಲಿಯ ಹಿಡಿ, ಸುತ್ತಲಿನ ಕಟ್ಟೆ ಇವುಗಳನ್ನು ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ, ಸಿಂಕಿಗೆ ಕುದಿಯುವ ನೀರು ಹುಯ್ಯುತ್ತೇನೆ. ಮಾಂಸಕ್ಕೆ ಅತ್ತೆಯ ಹಳೆಯ ಈಳಿಗೆಮಣೆಯನ್ನು ಬಳಸುವುದನ್ನು ಮಾತ್ರ ಪೂರ್ತಿ ಬಿಟ್ಟಿದ್ದೇವೆ. ಅದರ ಅಲಗು ಮರದೊಳಗೆ ಇಳಿಯುವ ಸಂದಿಯಲ್ಲಿ ಹಲ್ಲುಕಡ್ಡಿಯನ್ನು ಎಳೆದು ನೋಡಿದಾಗ ತೊಳೆದ ಮೇಲೂ ಕಂದು ಜಿಡ್ಡು ಬಂತು. ಆ ಜಾಗಕ್ಕೆ ಯಾವ ನಾರೂ ತಲುಪುವುದಿಲ್ಲ. ಇನ್ನೊಂದು, ಕಟ್ಟೆ ಒರೆಸುವ ಬಟ್ಟೆ. ಹಸಿ ಮಾಂಸದ ನೀರನ್ನು ಹಳೆಯ ಪತ್ರಿಕೆಯಿಂದ ಹೀರಿಸಿ ನೇರವಾಗಿ ಕಸದ ಬುಟ್ಟಿಗೆ ಹಾಕುತ್ತೇನೆ, ಬಟ್ಟೆ ಮುಟ್ಟುವುದಿಲ್ಲ. ಒದ್ದೆ ಬಟ್ಟೆ ಇಡೀ ಮಧ್ಯಾಹ್ನ ಎಲ್ಲವನ್ನೂ ಎಲ್ಲ ಕಡೆಗೂ ಹಂಚುತ್ತದೆ.

ಈ ಕ್ರಮಕ್ಕೆ ನಿಜವಾದ ಸವಾಲು ಬರುವುದು ಯುಗಾದಿಯ ಮರುದಿನ, ಹೊಸತೊಡಕಿನಂದು. ಅಂದು ಮಟನ್, ಕೋಳಿ ಎರಡೂ ಬರುತ್ತವೆ, ನೆಂಟರು ಅಡುಗೆಮನೆಯೊಳಗೇ ಸೇರಿಕೊಂಡು ಕೈ ಹಾಕುತ್ತಾರೆ, ಯಾರು ಏನನ್ನು ಮುಟ್ಟಿ ಬಂದರೆಂದು ನೋಡಿಕೊಳ್ಳುವುದು ಅಸಾಧ್ಯ. ಆ ದಿನ ಮಾಂಸವನ್ನು ಒಬ್ಬರಿಗೇ ಒಪ್ಪಿಸುತ್ತೇವೆ, ಅವರು ಹಿತ್ತಲಿನ ನಲ್ಲಿಯ ಬಳಿಯೇ ತೊಳೆದು ಕಲಸುತ್ತಾರೆ, ಬೇಯಲಿಟ್ಟು ಕೈ ತೊಳೆಯುವವರೆಗೆ ಒಳಗಿನ ಯಾವ ಡಬ್ಬಿಯನ್ನೂ ತೆರೆಯುವುದಿಲ್ಲ. ಕಬಾಬ್ ಕರಿಯುವಾಗ ಹಸಿ ತುಂಡುಗಳನ್ನು ಎಣ್ಣೆಗೆ ಬಿಟ್ಟ ಕೂಡಲೇ ಅವು ಇದ್ದ ತಟ್ಟೆಯನ್ನು ಸಿಂಕಿಗೆ ಹಾಕುವ ಹೊಣೆ ನಮ್ಮ ಮನೆಯ ಹುಡುಗನದು. ಬಾಣಲೆಯ ಪಕ್ಕ ಖಾಲಿಯಾಗಿ ಕುಳಿತ ತಟ್ಟೆಗೇ ಬೆಂದ ತುಂಡುಗಳನ್ನು ಎತ್ತಿಹಾಕುವುದು ಎಲ್ಲರಿಗೂ ಕೈಗೆ ಬರುವ ಅಭ್ಯಾಸ, ಹಾಗಾಗಿ ಆ ತಟ್ಟೆ ಅಲ್ಲಿ ಇರಲೇಬಾರದು.