ಅಮ್ಮನ ಒಡವೆ ಹಂಚಿಕೆ: ಅಣ್ಣ-ತಮ್ಮನಿಗೆ ಪತ್ರ ಬರೆಯುವುದು ಹೇಗೆ?

ತಾಯಿಯ ಒಡವೆ ಹಂಚುವಾಗ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಬಾಯಿಮಾತಿನ ಬೆಲೆಯಿಂದ. ಒಬ್ಬರು ಹೊಸದು ಕೊಂಡರೆ ಆಗುವ ಬೆಲೆ ಹೇಳುತ್ತಾರೆ, ಇನ್ನೊಬ್ಬರು ಕರಗಿಸಿದರೆ ಬರುವ ಬೆಲೆ. ಆದ್ದರಿಂದ ಯಾರಿಗೆ ಯಾವುದು ಎನ್ನುವ ಮೊದಲೇ ಪತ್ರ ಹೋಗಲಿ. ವಿಲ್ ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡು, ಹೆಣ್ಣು ಮಕ್ಕಳಿಗೂ, ತಂದೆ ಇದ್ದರೆ ಅವರಿಗೂ ಸಮಪಾಲು.

1. ಪಟ್ಟಿ. ಎಲ್ಲರೂ ಇರುವಾಗ ಪೆಟ್ಟಿಗೆ ತೆರೆದು, ಒಂದೊಂದಕ್ಕೂ ನಂಬರು ಕೊಟ್ಟು ಫೋಟೊ ತೆಗೆಯಿರಿ.

2. ಪತ್ರ. ಚಿಕ್ಕದಾಗಿರಲಿ:

"ಅಣ್ಣನಿಗೆ ನಮಸ್ಕಾರ, ಚಿ. ತಮ್ಮನಿಗೆ ಆಶೀರ್ವಾದ. ಅಮ್ಮನ ಸಾಮಾನಿನ ಪಟ್ಟಿ ಜೊತೆಗಿದೆ. ನಮ್ಮ ಮೂವರಿಗೂ ಒಪ್ಪಿಗೆಯಾದ ಮೌಲ್ಯಮಾಪಕರಿಂದ ಬೆಲೆ ಬರೆಸೋಣ. ಅವರ ಫೀಸು ಮೂರು ಪಾಲು. ಆಮೇಲೆ ಸರದಿಯಂತೆ ಒಂದೊಂದು ಆರಿಸಿಕೊಳ್ಳೋಣ, ಸರದಿಗೆ ಚೀಟಿ ಎತ್ತೋಣ. ಪಾಲಿಗಿಂತ ಹೆಚ್ಚು ಬಂದವರು ಉಳಿದವರಿಗೆ ಹಣ ಕೊಟ್ಟು ಸರಿದೂಗಿಸಲಿ. ಅಣ್ಣ, ನೀನು ಬೇರೆ ದಾರಿ ಸೂಚಿಸಿದರೂ ಸರಿ, ಬೆಲೆ ಬರುವ ಮೊದಲೇ ಹೇಳಿಬಿಡು."

ಕೊನೆಯ ಸಾಲು ಬಿಡಬೇಡಿ. ಬೆಲೆ ಗೊತ್ತಾದ ಮೇಲೆ ನಿಯಮ ಬದಲಿಸಹೊರಟರೆ ಅನುಮಾನ ತಪ್ಪಿದ್ದಲ್ಲ.

3. ಮೌಲ್ಯಮಾಪನ. ಕೆಡುವುದು ಇಲ್ಲೇ. ಆ ಒಡವೆ ಕೊಳ್ಳಲು ಆಸಕ್ತಿಯಿರುವ ಅಂಗಡಿಯವರಿಂದ ಬರೆಸಲೇಬೇಡಿ, ಬೆಲೆ ಇಳಿಸಿದಷ್ಟೂ ಅವರಿಗೇ ಲಾಭ. ಫೀಸು ಬೆಲೆಯ ಶೇಕಡಾವಾರು ಆಗದೆ ಇಡಿಗಂಟಾಗಿರಲಿ. ವರದಿಯಲ್ಲಿ ಒಟ್ಟು ತೂಕ, ಕಲ್ಲು ಮತ್ತು ಅರಗಿನ ತೂಕ, ನಿವ್ವಳ ತೂಕ, ಕ್ಯಾರಟ್, ಯಾವ ದಿನದ ದರ ಎಂಬುದೆಲ್ಲ ಬೇರೆ ಬೇರೆ ಬರಬೇಕು. "ಹಳೇ ಅಡ್ಡಿಕೆ, ಇಷ್ಟು ರೂಪಾಯಿ" ಎಂಬ ಒಂದು ಸಾಲಿನ ಚೀಟಿಯಿಂದ ಏನೂ ಪ್ರಯೋಜನವಿಲ್ಲ. ಹಳೆಯ ಅಡ್ಡಿಕೆಯ ಒಳಗೆ ಅರಗು ತುಂಬಿರುತ್ತದೆ. ಒರೆಗಲ್ಲಾಗಲಿ ಯಂತ್ರವಾಗಲಿ ತೋರಿಸುವುದು ಮೇಲ್ಮೈಯ ಶುದ್ಧತೆ ಮಾತ್ರ. ಬೆಸುಗೆ ಹೆಚ್ಚಿದ್ದರೆ ಒಟ್ಟು ಚಿನ್ನದ ಶುದ್ಧತೆ ಅದಕ್ಕಿಂತ ಕಡಿಮೆಯಿರುತ್ತದೆ. ಒಡವೆ ಬಿಚ್ಚದೆ ಅಂದಾಜು ಹಾಕಿದ್ದರೆ ಹಾಗೆಂದೇ ವರದಿಯಲ್ಲಿ ಬರೆಸಿ. ಮಜೂರಿ, ವೇಸ್ಟೇಜು ಸೇರಿಸುವುದು ಬೇಡ.

ಒಂದು ಲೆಕ್ಕ ನೋಡಿ. ಅಡ್ಡಿಕೆಯ ಒಟ್ಟು ತೂಕ 48 ಗ್ರಾಂ. ಕಲ್ಲು, ಅರಗು 8 ಗ್ರಾಂ ಕಳೆದರೆ 40. ಶುದ್ಧತೆ 20 ಕ್ಯಾರಟ್. ಅಪರಂಜಿ ಗ್ರಾಂಗೆ 12,000 ರೂ. ಎಂದಿಟ್ಟುಕೊಂಡರೆ 40 × 20 ÷ 24 × 12,000, ಅಂದರೆ 4 ಲಕ್ಷ. 48 ಗ್ರಾಮನ್ನೂ 22 ಕ್ಯಾರಟ್ ಎಂದು ಹಿಡಿದರೆ ಅದೇ ಸರ 5,28,000 ಆಗಿಬಿಡುತ್ತಿತ್ತು.

4. ಹಂಚಿಕೆ. ಅಡ್ಡಿಕೆ 4 ಲಕ್ಷ, ಬೆಳ್ಳಿ 1,70,000, ತೇಗದ ಪೆಟ್ಟಿಗೆ 30,000 ಎಂದಾದರೆ ಒಟ್ಟು 6 ಲಕ್ಷ, ತಲಾ 2 ಲಕ್ಷ. ಅಡ್ಡಿಕೆ ಆರಿಸಿಕೊಂಡವರು ಬೆಳ್ಳಿ ಪಡೆದವರಿಗೆ 30,000, ಪೆಟ್ಟಿಗೆ ಪಡೆದವರಿಗೆ 1,70,000 ಕೊಡಬೇಕು. ಅಷ್ಟು ಹಣ ಹೊಂದಿಸಲಾಗದವರು ಅಡ್ಡಿಕೆಗೆ ಕೈ ಹಾಕದಿರುವುದೇ ಒಳ್ಳೆಯದು. ಕಂತಿನ ಮಾತು ವರ್ಷಗಟ್ಟಲೆ ಎಳೆಯುತ್ತದೆ.

5. ಸಹಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಟ್ಟು, ಪಟ್ಟಿ ಮತ್ತು ವರದಿಯ ಪ್ರತಿ ಪುಟಕ್ಕೂ ಮೂವರೂ ಸಹಿ ಹಾಕಿ. ಹಂಚಿಕೆ ತಡವಾದರೆ ಮತ್ತೆ ತೂಗಿಸಬೇಕಿಲ್ಲ, ಅದೇ ನಿವ್ವಳ ತೂಕಕ್ಕೆ ಆ ದಿನದ ದರ ಹಾಕಿದರಾಯಿತು.