ಮತ್ತೆ ಮತ್ತೆ ಮಾಲ್ಗುಡಿ

ಕೆಲಸದಿಂದ ತಲೆ ಚಿಟ್ಟು ಹಿಡಿದು ಬಂದ ರಾತ್ರಿ ನಾನು ಹೊಸ ಸೀರಿಯಲ್ ಹಾಕುವುದಿಲ್ಲ. ಹೊಸದರಲ್ಲಿ ಯಾರು ಯಾರ ತಮ್ಮ, ಯಾರಿಗೆ ಯಾರ ಮೇಲೆ ಸಿಟ್ಟು ಅಂತೆಲ್ಲ ನೆನಪಿಟ್ಟುಕೊಳ್ಳಬೇಕು. ಆ ಹೊತ್ತಲ್ಲಿ ಅಷ್ಟಕ್ಕೂ ತ್ರಾಣ ಇರುವುದಿಲ್ಲ. ಆಗ ‘ಮಾಲ್ಗುಡಿ ಡೇಸ್’ ಹಾಕುತ್ತೇನೆ. ಎಷ್ಟೋ ವರ್ಷಗಳಿಂದ ಇದೇ ರೂಢಿ.

ಆರ್.ಕೆ. ನಾರಾಯಣ್ ಕಥೆಗಳನ್ನು ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕೆ ಮಾಡಿದ್ದು ನಿಮಗೂ ಗೊತ್ತಿರುತ್ತದೆ. ಮಾತು ಹಿಂದಿ, ಆದರೆ ಊರು ನಮ್ಮ ಆಗುಂಬೆ. ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಒಂದು ಕಂತು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮಲಗುವ ಮುಂಚೆ ನೋಡಲು ಹೇಳಿ ಮಾಡಿಸಿದ ಅಳತೆ.

ಕಥೆ ಗೊತ್ತಿರುವುದರಿಂದಲೇ ಸಮಾಧಾನ ಸಿಗುವುದು. ಅಜ್ಜಿ ಪಕ್ಕ ಮಲಗುವ ಸ್ವಾಮಿಗೆ ಅಪ್ಪ ‘ಒಬ್ಬನೇ ಮಲಗು’ ಅಂತ ಹಟ ಹಿಡಿಯುವ ಕಂತಿದೆಯಲ್ವಾ, ಅದನ್ನೇ ತೆಗೆದುಕೊಳ್ಳಿ. ಕತ್ತಲಲ್ಲಿ ಹುಡುಗ ನಡುಗುತ್ತಾನೆ. ಕಳ್ಳನ ಕಾಲು ಕಚ್ಚಿ ಊರಿಗೇ ಹೀರೋ ಆಗುತ್ತಾನೆ ಅಂತ ನನಗೆ ಮೊದಲೇ ಗೊತ್ತು. ಹಾಗಾಗಿ ಮುಂದೇನು ಅನ್ನುವ ಆತಂಕವಿಲ್ಲ. ಹೆದರಿಕೆಯನ್ನು ಮುಚ್ಚಿಡಲು ಒದ್ದಾಡುವ ಆ ಹುಡುಗನ ಮುಖವನ್ನೇ ನಿಧಾನವಾಗಿ ನೋಡುತ್ತೇನೆ. ಮೊದಲ ಸಲ ನೋಡುವಾಗ ಕಣ್ಣು ಕಳ್ಳನ ಮೇಲೆ ಇರುತ್ತದೆ, ಇದೆಲ್ಲ ಕಾಣುವುದೇ ಇಲ್ಲ.

ಈ ಸುಖ ಸವೆಯುತ್ತದೆ. ಸವೆಯುತ್ತಿದೆ ಅಂತ ತಿಳಿಯಲು ನನಗೆ ಒಂದು ಗುರುತಿದೆ: ಟೈಟಲ್. ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರಗಳು, ಎಲ್. ವೈದ್ಯನಾಥನ್ ಅವರ ‘ತಾ ನಾ ನಾ’. ಮನಸ್ಸು ಸರಿಯಾಗಿ ಅದರಲ್ಲಿದ್ದರೆ ಅದನ್ನು ಪೂರ್ತಿ ಕೇಳುತ್ತೇನೆ, ಅಷ್ಟರಲ್ಲೇ ಅರ್ಧ ದಣಿವು ಇಳಿಯುತ್ತದೆ. ಅದನ್ನು ಓಡಿಸಲು ಕೈ ಹೋಯಿತೋ, ನಾನು ನೋಡಲು ಕೂತಿಲ್ಲ, ಸುಮ್ನೆ ಸದ್ದು ಬೇಕಾಗಿದೆ ಅಂತ ಅರ್ಥ. ಅದರ ಹಿಂದೆಯೇ ಮೊಬೈಲ್ ಕೈಗೆ ಬರುತ್ತದೆ. ಪಾತ್ರ ಬಾಯಿ ತೆರೆಯುವ ಮುಂಚೆ ಮಾತು ನನ್ನ ಬಾಯಲ್ಲಿರುತ್ತದೆ. ನಗು ಬರುವ ಜಾಗಕ್ಕೆ ನೇರವಾಗಿ ಹಾರುತ್ತೇನೆ, ಹಾರಿದರೆ ನಗುವೇ ಬರುವುದಿಲ್ಲ. ಆ ನಗುವಿಗೆ ಅದರ ಹಿಂದಿನ ಹತ್ತು ನಿಮಿಷದ ಸದ್ದಿಲ್ಲದ ಊರು ಬೇಕು.

ಅಂಥ ಸಮಯದಲ್ಲಿ ಕೆಲವು ತಿಂಗಳು ಮಾಲ್ಗುಡಿ ಬಿಟ್ಟುಬಿಡುತ್ತೇನೆ. ಒಂದು ವಾರದ ಬಿಡುವು ಏನೂ ಮಾಡುವುದಿಲ್ಲ. ಮಾತುಗಳು ಬಾಯಿಂದ ಅಳಿಸಿ ಹೋಗುವಷ್ಟು ಬಿಡುವು ಬೇಕು. ಮತ್ತೆ ಹಾಕುವಾಗ ಮೆಚ್ಚಿನ ಕಂತು ಬಿಟ್ಟು, ಕಥೆಯೇ ಮರೆತಿರುವ ಕಂತಿನಿಂದ ಶುರು ಮಾಡುತ್ತೇನೆ. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗದಂತೆ ಆಟೋಪ್ಲೇ ಆಫ್ ಮಾಡಿರುತ್ತೇನೆ. ಇನ್ನೊಂದು ಬೇಕಾದರೆ ನಾನೇ ಕೈಯಾರೆ ಒತ್ತಬೇಕು. ಒತ್ತುವ ಮುಂಚೆ ಆ ಒಂದು ಕ್ಷಣ ಸಿಕ್ಕರೆ ಸಾಕು, ಬೇಕೋ ಬೇಡವೋ ಗೊತ್ತಾಗಿಬಿಡುತ್ತದೆ. ನಾಳೆ ಬೆಳಗ್ಗೆ ಎದುರಿಸಬೇಕಾದ ಯಾವುದೋ ಕೆಲಸವನ್ನು ಮುಂದೂಡಲು ಮೂರನೇ ಕಂತು ಹಾಕಿದರೆ, ಅಂಥ ರಾತ್ರಿ ಸ್ವಾಮಿಯೂ ಬೇಜಾರು ತರಿಸುತ್ತಾನೆ.

ಇನ್ನೊಂದು ಥರದ ಬೇಜಾರಿದೆ, ಅದು ಬೇರೆಯೇ. ವಿಷ್ಣುವರ್ಧನ್ ನಟಿಸಿದ, ತಿಂಗಳಿಗೆ ನಲವತ್ತೈದು ರೂಪಾಯಿ ಸಂಬಳದ ಕಂತು. ಮಗಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟ ಗುಮಾಸ್ತ ವೆಂಕಟರಾಯರು. ಆಫೀಸಿನಿಂದ ಬೇಗ ಬಿಡುವುದಿಲ್ಲ. ರೋಸಿ ಹೋಗಿ ರಾಜೀನಾಮೆ ಬರೆಯುತ್ತಾರೆ, ಆದರೆ ಐದು ರೂಪಾಯಿ ಸಂಬಳ ಏರಿದ್ದು ಗೊತ್ತಾಗಿ ಆ ಕಾಗದವನ್ನು ವಾಪಸ್ ತೆಗೆದುಕೊಳ್ಳುತ್ತಾರೆ. ಮನೆಗೆ ಬಂದಾಗ ಮಗಳು ಕಾದು ಕಾದು ಮಲಗಿರುತ್ತಾಳೆ. ಚಿಕ್ಕವನಾಗಿದ್ದಾಗ ಇದು ನನಗೆ ಆ ಹುಡುಗಿಯ ಕಥೆಯಾಗಿತ್ತು, ‘ಪಾಪ’ ಅಂದುಕೊಂಡು ಆರಾಮಾಗಿ ನೋಡುತ್ತಿದ್ದೆ. ನನಗೆ ಮಗಳಾದ ಮೇಲೆ, ಮೀಟಿಂಗ್ ಮುಗಿಸಿ ತಡವಾಗಿ ಬಂದ ರಾತ್ರಿ ಹಾಕಿದೆ. ಕೊನೆಯವರೆಗೆ ಕೂರಲು ಆಗಲಿಲ್ಲ. ಎದೆ ಬಿಗಿಯಿತು.

ಇಲ್ಲಿ ಸೀರಿಯಲ್ ಹಳಸಿಲ್ಲ, ನನ್ನ ಬದುಕು ಅದರೊಳಗೆ ಹೋಗಿ ಕೂತಿದೆ. ಹಳಸಿದ್ದಕ್ಕೆ ಮದ್ದು ಬಿಡುವು. ಇದಕ್ಕೆ ಎಷ್ಟು ತಿಂಗಳು ಬಿಟ್ಟರೂ ಮತ್ತೆ ಹಾಕಿದಾಗ ಅಲ್ಲೇ ಚುಚ್ಚುತ್ತದೆ. ಹಾಗಂತ ಅದನ್ನು ಪಟ್ಟಿಯಿಂದ ತೆಗೆದಿಲ್ಲ. ದಣಿದ ರಾತ್ರಿಗಳಿಗೆ ಇಡುವುದಿಲ್ಲ, ಅಷ್ಟೇ. ಮನೆಯವರೆಲ್ಲ ಇರುವ ಭಾನುವಾರ ಮಧ್ಯಾಹ್ನ, ಮಗಳನ್ನು ಪಕ್ಕ ಕೂರಿಸಿಕೊಂಡು ನೋಡುತ್ತೇನೆ. ವೆಂಕಟರಾಯರಿಗೆ ತಡವಾಗುತ್ತಾ ಹೋದಂತೆ ಅವಳಿಗೆ ಕೋಪ ಬರುತ್ತದೆ. ಅವಳ ಹತ್ತಿರ ನಾನು ಅವರ ಪರವಾಗಿ ಸ್ವಲ್ಪ ವಾದ ಮಾಡುತ್ತೇನೆ.